ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಫ್ರಿಜ್: ಎಲ್ಲಿ ಕೊಳ್ಳಬೇಕು, ಏನು ನೋಡಬೇಕು

ಚಿಕ್ಕಪೇಟೆ ಕಡೆಯ ಸಂಡೆ ಬಜಾರ್ ಕುರ್ಚಿ, ಪಾತ್ರೆ, ಟೂಲ್ಸ್‌ಗೆ ಚೆನ್ನ; ಕಣ್ಣಲ್ಲಿ ನೋಡಿ, ಕೈಯಲ್ಲಿ ಅಲುಗಾಡಿಸಿ ತಗೊಳ್ಳುವ ಸಾಮಾನು ಅವು. ಫ್ರಿಜ್ ಹಾಗಲ್ಲ. ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು, ಫುಟ್‌ಪಾತ್‌ನಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ? ನನ್ನ ಮೊದಲ ಆಯ್ಕೆ ಮನೆ ಖಾಲಿ ಮಾಡುವವರು ಆನ್‌ಲೈನ್‌ನಲ್ಲಿ ಹಾಕಿದ ಫ್ರಿಜ್. ಅಂಗಡಿಯವನು ಬಾಗಿಲು ತೊಳೆದು, ಸ್ಟಿಕ್ಕರ್ ಅಂಟಿಸಿ ಹೊಳೆಯುವಂತೆ ಮಾಡಿರುತ್ತಾನೆ. ಮನೆಯಲ್ಲಿ ಅದು ಇದ್ದ ಹಾಗೇ ಇರುತ್ತದೆ. ನೋಡುವ ಮೊದಲೇ ಟೋಕನ್ ಅಡ್ವಾನ್ಸ್ ಕೇಳುವವರ ಸಹವಾಸ ಬೇಡ.

ಹೋಗುವ ಹಿಂದಿನ ರಾತ್ರಿಯೇ ಆಫ್ ಮಾಡಿಡಲು ಹೇಳಿ. ತಲುಪಿದ ಕೂಡಲೇ ಹಿಂದೆ, ಕೆಳಗಿರುವ ಕಂಪ್ರೆಸರ್ ಮುಟ್ಟಿ. ಬೆಚ್ಚಗಿದ್ದರೆ ಈಗಷ್ಟೇ ನಿಲ್ಲಿಸಿದ್ದಾರೆ ಎಂದರ್ಥ, ಪರೀಕ್ಷೆಗೆ ಅರ್ಥವಿಲ್ಲ. ತಣ್ಣಗಿದ್ದರೆ ಆನ್ ಮಾಡಿ ಕಿವಿಗೊಡಿ. ಕೆಲವು ಸೆಕೆಂಡ್ ಗುಂಯ್‌ಗುಟ್ಟಿ 'ಟಕ್' ಎಂದು ನಿಂತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಆದರೆ ಕಂಪ್ರೆಸರ್ ಸ್ಟಾರ್ಟ್ ಮಾಡಿಸುವ ರಿಲೇ ಹೋಗಿರಬಹುದು, ಕಂಪ್ರೆಸರ್ರೇ ಜಾಮ್ ಆಗಿರಬಹುದು. ರಿಲೇ ಚಿಲ್ಲರೆ ಖರ್ಚು. ಆದರೆ ಮೆಕ್ಯಾನಿಕ್ ನೋಡದೆ ಯಾವುದೆಂದು ಹೇಳಲಾಗದು, ಮಾರುವವರು ಮಾತ್ರ ಯಾವಾಗಲೂ ರಿಲೇ ಅಂತಲೇ ಹೇಳುತ್ತಾರೆ.

ಅರ್ಧ ಗಂಟೆಯ ನಂತರ ಫ್ರೀಜರ್ ಒಳಗೆ ನೋಡಿ. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಗೋಡೆಗಳ ಮೇಲೆ ತೆಳುವಾದ ಬಿಳಿ ಹಿಮ ಹೆಚ್ಚುಕಡಿಮೆ ಸಮನಾಗಿ ಹರಡುತ್ತಿರಬೇಕು. ಒಂದು ಮೂಲೆಯಲ್ಲಷ್ಟೇ ಹಿಮ, ಉಳಿದ ಕಡೆ ಬರೀ ತೇವವಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ, ಎಲ್ಲೋ ಸೋರಿರುತ್ತದೆ. ಚಾಕುವಿನಿಂದ ಐಸ್ ಕೆರೆದು ಅಲ್ಯೂಮಿನಿಯಂ ತೂತು ಮಾಡುವುದು ಸಾಮಾನ್ಯ, ಆದ್ದರಿಂದ ಫ್ರೀಜರ್‌ನಲ್ಲಿ ಗೀರುಗಳಿವೆಯೇ, ಎಂ-ಸೀಲ್ ಮೆತ್ತಿದ್ದಾರೆಯೇ ಎಂದು ಟಾರ್ಚ್ ಹಾಕಿ ನೋಡಿ. ಸೋರಿಕೆ ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗುತ್ತದೆ.

ಉದಾಹರಣೆಗೆ, 190 ಲೀಟರ್ ಫ್ರಿಜ್‌ಗೆ 6,000 ರೂಪಾಯಿ ಹೇಳುತ್ತಾರೆ ಅನ್ನಿ. ಹಿಮ ಸರಿಯಾಗಿದೆ, ಆದರೆ ಬಾಗಿಲಿಗೆ ಸಿಕ್ಕಿಸಿದ ನೋಟು ಒಂದು ಕಡೆ ಸಲೀಸಾಗಿ ಜಾರಿ ಬರುತ್ತದೆ. ಅದು ಗ್ಯಾಸ್ಕೆಟ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯ ದೋಷ. ಬಿಸಿನೀರಿನ ಬಟ್ಟೆ ಒತ್ತಿದರೆ ಕೆಲವೊಮ್ಮೆ ಆಕಾರಕ್ಕೆ ಬರುತ್ತದೆ, ಹರಿದಿದ್ದರೆ ಬದಲಿಸಬೇಕು. ಹೊಸ ಗ್ಯಾಸ್ಕೆಟ್ ಮತ್ತು ಸಾಗಣೆಯ ಖರ್ಚು ಕಳೆದು ಚೌಕಾಸಿ ಮಾಡಿ, ಧೈರ್ಯವಾಗಿ ತಗೊಳ್ಳಿ. ಅದೇ ಫ್ರಿಜ್‌ನಲ್ಲಿ ಗ್ಯಾಸ್ಕೆಟ್ ಸರಿಯಿದ್ದು ಹಿಮ ಮೂಲೆಯಲ್ಲಷ್ಟೇ ಕಂಡರೆ 2,000ಕ್ಕೆ ಕೊಟ್ಟರೂ ನನಗೆ ಬೇಡ.

ಸ್ಟಾರ್ ಲೇಬಲ್‌ನಲ್ಲಿ ನಕ್ಷತ್ರ ಎಣಿಸಬೇಡಿ, ಮಾನದಂಡ ಆಗಾಗ ಬಿಗಿಯಾಗುತ್ತಿರುತ್ತದೆ. ಹಳೆಯ 5 ಸ್ಟಾರ್ ಇಂದಿನ 5 ಸ್ಟಾರ್ ಅಲ್ಲ. ಅದರಲ್ಲಿರುವ ವರ್ಷದ ಯೂನಿಟ್ ಲೆಕ್ಕ ನೋಡಿ. 100 ಯೂನಿಟ್ ಹೆಚ್ಚಿದ್ದರೆ, ಯೂನಿಟ್‌ಗೆ 7 ರೂಪಾಯಿಯಂತೆ ವರ್ಷಕ್ಕೆ 700 ರೂಪಾಯಿ ಜಾಸ್ತಿ ಕಟ್ಟುತ್ತೀರಿ.

ಟೆಂಪೋದಲ್ಲಿ ನಿಲ್ಲಿಸಿಯೇ ತನ್ನಿ. ಮಲಗಿಸಿ ತಂದಿದ್ದರೆ ಕಂಪ್ರೆಸರ್ ಆಯಿಲ್ ಪೈಪಿಗೆ ಹರಿದಿರುತ್ತದೆ. ಒಂದು ರಾತ್ರಿ ನಿಲ್ಲಿಸಿಟ್ಟು ಬೆಳಗ್ಗೆ ಆನ್ ಮಾಡಿ.