ಮೂರು ಸಾಲಕ್ಕೆ ಒಂದೇ ಬಡ್ಡಿದರ: ಯಾವ ಸರಾಸರಿ ಹಿಡಿಯಬೇಕು?

ಇವತ್ತಿನ ಬಾಕಿಯನ್ನೇ ತೂಕವಾಗಿ ಹಿಡಿದು ತೆಗೆದ ಸರಾಸರಿಗೇ ನನ್ನ ಮತ. ಉಳಿದ ಲೆಕ್ಕಗಳು ಎಲ್ಲಿ ಎಡವುತ್ತವೆ ಎಂಬುದು ಒಂದು ಉದಾಹರಣೆಯಲ್ಲೇ ಗೊತ್ತಾಗುತ್ತದೆ. ಗೃಹಸಾಲದ ಬಾಕಿ 20 ಲಕ್ಷ, ಬಡ್ಡಿ 8.5%. ವಾಹನಸಾಲದ ಬಾಕಿ 4 ಲಕ್ಷ, ಪತ್ರದಲ್ಲಿ ಬರೆದಿರುವ ಬಡ್ಡಿ 10%. ಕಾರ್ಡಿನ ಬಾಕಿ 1 ಲಕ್ಷ, ಬಡ್ಡಿ 36%.

ಮೂರು ದರ ಕೂಡಿಸಿ ಮೂರರಿಂದ ಭಾಗಿಸಿದರೆ 18.2% ಬರುತ್ತದೆ. ಒಂದು ಲಕ್ಷದ ಕಾರ್ಡಿಗೂ ಇಪ್ಪತ್ತು ಲಕ್ಷದ ಮನೆಗೂ ಸಮಪಾಲು ಕೊಟ್ಟ ಲೆಕ್ಕ ಅದು, ಬಿಟ್ಟುಬಿಡಿ. ಮೊದಲು ಪಡೆದ ಮೊತ್ತವನ್ನು ತೂಕವಾಗಿ ಹಿಡಿದರೆ ತೀರಿಸಿದ ಅಸಲೂ ಲೆಕ್ಕದೊಳಗೆ ಉಳಿದುಬಿಡುತ್ತದೆ.

ಬಾಕಿಯ ತೂಕ ಹಿಡಿದರೆ ವರ್ಷದ ಬಡ್ಡಿ 1,70,000 + 40,000 + 36,000 = 2,46,000. ಒಟ್ಟು ಬಾಕಿ 25 ಲಕ್ಷ, ಅಂದರೆ 9.84%. ಸ್ಪ್ರೆಡ್‌ಶೀಟಿನಲ್ಲಿ ಬಾಕಿ B ಕಾಲಮ್ಮಿನಲ್ಲೂ ದರ C ಕಾಲಮ್ಮಿನಲ್ಲೂ ಇದ್ದರೆ ಸೂತ್ರ ಇಷ್ಟೇ:

```
=SUMPRODUCT(B2:B4,C2:C4)/SUM(B2:B4)
```

ತೊಡಕು ಇರುವುದು ವಾಹನಸಾಲದ ಆ 10%ರಲ್ಲಿ. ಅದು ಫ್ಲಾಟ್ ದರ. ಪಡೆದದ್ದು 5 ಲಕ್ಷ, ಅವಧಿ 36 ತಿಂಗಳು. ಮೂರು ವರ್ಷವೂ ಪೂರ್ತಿ 5 ಲಕ್ಷಕ್ಕೇ ಬಡ್ಡಿ ಹಾಕಿ, 1.5 ಲಕ್ಷ ಸೇರಿಸಿ, ಕಂತು 18,056 ಎಂದು ಗೊತ್ತು ಮಾಡಿದ್ದಾರೆ. ಅಸಲು ತಿಂಗಳು ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಇಳಿಯುವುದಿಲ್ಲ. ಗೃಹಸಾಲದಂತೆ ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ 17.9%:

```
=RATE(36,-18056,500000)*12
```

ಈ ದರ ಹಾಕಿದರೆ ವಾಹನದ ಬಡ್ಡಿ ಸುಮಾರು 71,700, ಸರಾಸರಿ 11.1%. ಬಾಕಿಯಲ್ಲೂ ಇಂಥದೇ ಮೋಸವಿದೆ. ಒಂಬತ್ತು ಕಂತು ಕಟ್ಟಿದ ಮೇಲೆ ಉಳಿದ 27 ಕಂತುಗಳನ್ನು ಕೂಡಿಸಿದರೆ 4.87 ಲಕ್ಷ ಕಾಣುತ್ತದೆ. ಅದರೊಳಗೆ ಮುಂದಿನ ಬಡ್ಡಿಯೂ ಸೇರಿದೆ. 17.9% ದರದಲ್ಲಿ ಉಳಿದಿರುವ ಅಸಲು ಸುಮಾರು 4 ಲಕ್ಷ ಮಾತ್ರ.

ಎಲ್ಲ ಸಾಲ ಒಗ್ಗೂಡಿಸಿ 11%ಕ್ಕೆ ಕೊಡುತ್ತೇವೆ ಎಂದು ಯಾರಾದರೂ ಬಂದರೆ 11.1%ರ ಪಕ್ಕದಲ್ಲಿ ಅದು ಪರವಾಗಿಲ್ಲ ಅನ್ನಿಸಬಹುದು. ಆದರೆ 8.5%ರ ಮನೆಸಾಲವನ್ನು ಮುಟ್ಟುವ ಅಗತ್ಯವೇನು? ಬದಲಾಯಿಸಲಿರುವ ಸಾಲಗಳದ್ದನ್ನಷ್ಟೇ ತೂಗಿ: ವಾಹನ ಮತ್ತು ಕಾರ್ಡು ಸೇರಿ 5 ಲಕ್ಷಕ್ಕೆ 21.5%. ಹಾಗಾಗಿ ಈ ಎರಡಕ್ಕೆ ಮಾತ್ರ 14%ಕ್ಕೆ ಸಾಲ ಸಿಕ್ಕರೂ ಲಾಭವೇ. ಅದಕ್ಕೆ ಎರಡು ಷರತ್ತು: ಹೊಸ ಸಾಲದ ಅವಧಿ ಉಳಿದ 27 ತಿಂಗಳಿಗಿಂತ ಬಹಳ ಉದ್ದವಾಗಬಾರದು, ಪ್ರಕ್ರಿಯೆ ಶುಲ್ಕವನ್ನೂ ಅವಧಿಗೆ ಮುಂಚೆ ತೀರಿಸುವ ದಂಡವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕಂತು ಕಂತಿನ ದಿನಾಂಕ ಬರೆದು XIRR ಹಾಕಿದರೆ ಶುಲ್ಕವೂ ಸೇರಿ ಇನ್ನಷ್ಟು ನಿಖರ ದರ ಸಿಗುತ್ತದೆ. ಅಷ್ಟು ಸಾಲು ತುಂಬುವ ತಾಳ್ಮೆ ನನಗಿಲ್ಲ. ಹೊಸ ಸಾಲಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಮಾಡಿದರೆ ಸಾಕು. ತೂಕದ ಸರಾಸರಿಯನ್ನಾದರೆ ಮೂರು ತಿಂಗಳಿಗೊಮ್ಮೆ B ಕಾಲಮ್ಮು ತಿದ್ದಿ ನೋಡಬಹುದು. ಕಾರ್ಡಿನ ಬಾಕಿ ತೀರಿಸಿದ ದಿನವೇ ಅದು 11.1ರಿಂದ ಸುಮಾರು 10.1ಕ್ಕೆ ಇಳಿಯುತ್ತದೆ.