ತೂತಿನ ಕನ್ನಡಕ, ಕಣ್ಣಿನ ವ್ಯಾಯಾಮ, ಮಸೂರದ ಕನ್ನಡಕ: ಯಾವುದು ಸರಿ?

ಉಡುಪಿಯ ಬಸ್ ನಿಲ್ದಾಣದಲ್ಲಿ ನನ್ನ ಅಕ್ಕನ ಮಗಳು ಸಣ್ಣ ತೂತುಗಳಿರುವ ಕಪ್ಪು ಕನ್ನಡಕ ಹಾಕಿಕೊಂಡು ‘ಕುಂದಾಪುರ’ ಎಂಬ ಬೋರ್ಡನ್ನು ಓದಿದಳು; ತೆಗೆದೊಡನೆ ಅಕ್ಷರಗಳು ಮತ್ತೆ ಮಸುಕಾದವು. ಅವಳದು ಮೈನಸ್ 2 ಪವರ್, ಅಂದರೆ ಅರ್ಧ ಮೀಟರಿನಾಚೆಯದು ಸ್ಪಷ್ಟವಾಗಿ ಕಾಣದು. ತೂತು ಅಂಚಿನ ಕಿರಣಗಳನ್ನು ತಡೆದು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲಿನ ಮಸುಕನ್ನು ಕಿರಿದಾಗಿಸುತ್ತದೆಯೇ ಹೊರತು ಕಣ್ಣನ್ನು ಬದಲಿಸುವುದಿಲ್ಲ. ಬೆಳಕೂ ಅಕ್ಕಪಕ್ಕದ ನೋಟವೂ ಕಡಿಮೆಯಾಗುವುದರಿಂದ ಸಂಜೆ ರಸ್ತೆ ದಾಟುವುದು ಅಪಾಯಕರ. ಮಸೂರದ ಕನ್ನಡಕವಾದರೋ ಕಿರಣಗಳನ್ನೇ ಬಾಗಿಸಿ ರೆಟಿನಾದ ಮೇಲೆ ಕೂಡಿಸುತ್ತದೆ.

ಕಣ್ಣಿನ ವ್ಯಾಯಾಮದಿಂದ ಕನ್ನಡಕವನ್ನೇ ಬಿಡಬಹುದೆಂಬ ವಾದ ಅಮೆರಿಕದ ವೈದ್ಯ ವಿಲಿಯಂ ಬೇಟ್ಸ್ 1920ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹಬ್ಬಿತು. ಆದರೆ ದೂರದ್ದು ಮಸುಕಾಗುವ ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯೇ ಉದ್ದವಾಗಿರುತ್ತದೆ. 1 ಮಿಲಿಮೀಟರ್ ಹೆಚ್ಚಿದರೆ ಸುಮಾರು ಎರಡೂವರೆ ಪವರ್. ಕಣ್ಣು ತಿರುಗಿಸುವುದರಿಂದ ಅದು ಗಿಡ್ಡವಾಗದು. ಅಭ್ಯಾಸದ ನಂತರ ಕೆಲವರು ಚಾರ್ಟಿನಲ್ಲಿ ಇನ್ನೊಂದು ಸಾಲು ಓದುವುದುಂಟು, ಆದರೆ ಉಪಕರಣದಲ್ಲಿ ಅಳೆದರೆ ಪವರ್ ಇಳಿದಿರುವುದಿಲ್ಲ. ಮಸುಕು ಅಕ್ಷರಗಳನ್ನು ಗುರುತಿಸಲು ಮೆದುಳು ಪಳಗಿರುತ್ತದೆ. ಹತ್ತಿರ ನೋಡುವಾಗ ಎರಡೂ ಕಣ್ಣುಗಳು ಸರಿಯಾಗಿ ಒಳಕ್ಕೆ ತಿರುಗದ ತೊಂದರೆಗೆ ವ್ಯಾಯಾಮ ನಿಜಕ್ಕೂ ಫಲ ನೀಡುತ್ತದೆ, ಆದರೆ ಅದು ಬೇರೆಯೇ ದೋಷ. ಅಕ್ಕನಿಗೆ ನಾನು ಮಸೂರದ ಕನ್ನಡಕವನ್ನೇ ಮಾಡಿಸಲು ಹೇಳಿದೆ.