ಚಿನ್ನಕ್ಕೆ ತಾಗಿಸಬೇಡಿ ಅಂತ ಬರೆದಿದ್ದ ಫೇರ್‌ನೆಸ್ ಕ್ರೀಮ್

ನನ್ನ ನಾದಿನಿಗೆ ಬಸುರಿನಲ್ಲಿ ಬಂದ ಬಂಗು ಮಗ ಶಾಲೆಗೆ ಸೇರಿದರೂ ಹೋಗಿರಲಿಲ್ಲ. ಚರ್ಮದ ಡಾಕ್ಟರು ಹೈಡ್ರೋಕ್ವಿನೋನ್ ಕ್ರೀಮ್ ಬರೆದುಕೊಟ್ಟರು. ರಾತ್ರಿ ಕಲೆ ಮೇಲಷ್ಟೇ ಹಚ್ಚಬೇಕು, ಹಗಲು ಸನ್‌ಸ್ಕ್ರೀನ್ ಬಿಡಬಾರದು, ಕೆಲವು ತಿಂಗಳಾದ ಮೇಲೆ ನಿಲ್ಲಿಸಲೇಬೇಕು ಅಂದರು. ವರ್ಷಗಟ್ಟಲೆ ಹಚ್ಚಿದರೆ ಅದೇ ಜಾಗ ನೀಲಿಗಪ್ಪಾಗಿ ಉಳಿದುಬಿಡಬಹುದಂತೆ. ಕೋಜಿಕ್ ಆಸಿಡ್, ಟ್ರಾನೆಕ್ಸಾಮಿಕ್ ಆಸಿಡ್ ಕ್ರೀಮ್‌ಗಳ ಕೆಲಸವೂ ನಿಧಾನ.

ಇವಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಫ್ಯಾನ್ಸಿ ಸ್ಟೋರ್‌ನಲ್ಲಿ 'ಗಲ್ಫ್ ಮಾಲು' ಅಂತ ಒಂದು ಡಬ್ಬಿ ಸಿಕ್ಕಿತು. ಕೆಲವೇ ವಾರಗಳಲ್ಲಿ ಕಲೆ ಮಾತ್ರ ಅಲ್ಲ, ಇಡೀ ಮುಖವೇ ಬೆಳ್ಳಗಾಯಿತು. ಮದುವೆ ಮನೆಯಲ್ಲಿ ಎಲ್ಲರೂ ಅದರ ಹೆಸರು ಕೇಳಿದ್ದೇ ಕೇಳಿದ್ದು.

ಆಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಸಂಜೆ ಹೊತ್ತಿಗೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಆಳವಾಗಿ ಬೀಳುತ್ತಿತ್ತು. ಮೂತ್ರದಲ್ಲಿ ನೊರೆ, ಎಷ್ಟು ನೀರು ಹಾಕಿದರೂ ಹೋಗದ ನೊರೆ. ಪರೀಕ್ಷೆ ಮಾಡಿಸಿದರೆ ಆಲ್ಬುಮಿನ್ ಅನ್ನೋ ಪ್ರೋಟೀನ್ 3+, ಅಂದರೆ ತುಂಬಾ ಜಾಸ್ತಿ. ಶುಗರ್ ಇಲ್ಲ, ಬಿಪಿ ಇಲ್ಲ. ಕಿಡ್ನಿ ಡಾಕ್ಟರು ಅವಳ ಮುಖ ನೋಡುತ್ತಲೇ ಕೇಳಿದರು, "ಏನಮ್ಮಾ, ಮುಖಕ್ಕೆ ಏನು ಹಚ್ತಿದೀಯಾ?"

ಬಯಾಪ್ಸಿಯಲ್ಲಿ ಬಂದದ್ದು ಮೆಂಬ್ರೇನಸ್ ನೆಫ್ರೋಪತಿ. ಕಿಡ್ನಿಯ ಜರಡಿ ಕೆಟ್ಟು ಪ್ರೋಟೀನ್ ಸೋರುವ ಕಾಯಿಲೆ. ರಕ್ತದಲ್ಲೂ ಮೂತ್ರದಲ್ಲೂ ಪಾದರಸ ಜಾಸ್ತಿ ಇತ್ತು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲೂ ಇಂಥದೇ ಕ್ರೀಮ್ ಹಚ್ಚಿದವರಲ್ಲಿ ಇದೇ ಕಾಯಿಲೆ ಸಾಲಾಗಿ ಸಿಕ್ಕಿದ್ದು 2023ರಲ್ಲಿ ಸುದ್ದಿಯಾಗಿತ್ತು.

ಪಾದರಸ ನಿಜವಾಗಿಯೂ ಬೆಳ್ಳಗೆ ಮಾಡುತ್ತದೆ, ತೊಂದರೆ ಇರುವುದೇ ಅಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನೇ ಅದು ತಡೆಯುತ್ತದೆ. ಉರಿ ಇಲ್ಲ, ತುರಿಕೆ ಇಲ್ಲ ಅಂದರೂ ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಮುಖದ ಕ್ರೀಮ್‌ಗೆ ಬೇಕೆಂದು ಪಾದರಸ ಹಾಕುವ ಹಾಗೇ ಇಲ್ಲ. ತಾನಾಗಿ ಬೆರೆತಿದ್ದರೂ ಹತ್ತು ಲಕ್ಷದಲ್ಲಿ 1 ಭಾಗ ದಾಟಬಾರದು.

ಆ ಡಬ್ಬಿಯನ್ನು ಆಮೇಲೆ ನಾನು ತಿರುಗಿಸಿ ನೋಡಿದೆ. ಒಳಗೆ ಏನೇನಿದೆ ಅಂತ ಇಲ್ಲ, ತಯಾರಕರ ವಿಳಾಸ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಒಂದು ಚೀಟಿಯಲ್ಲಿ ಮಾತ್ರ, ಚಿನ್ನದ ಒಡವೆಗೆ ತಾಗಿಸಬೇಡಿ ಅಂತ ಇತ್ತು. ಪಾದರಸ ಚಿನ್ನಕ್ಕೆ ಅಂಟಿ ಅದನ್ನು ಬೆಳ್ಳಿ ಬಣ್ಣಕ್ಕೆ ತಿರುಗಿಸುತ್ತದೆ. ಅದು ಮಾರುವವನಿಗೆ ಗೊತ್ತಿತ್ತು ಅಂತಾಯ್ತಲ್ವಾ! ಕೆಲವು ಡಬ್ಬಿಗಳಲ್ಲಿ ಪಾದರಸದ ಹೆಸರು ನೇರವಾಗಿ ಇರುವುದಿಲ್ಲ, ಕ್ಯಾಲೊಮೆಲ್ ಅಂತಲೋ ಮರ್ಕ್ಯುರಸ್ ಕ್ಲೋರೈಡ್ ಅಂತಲೋ ಇರುತ್ತದೆ.

ಕ್ರೀಮ್ ಬಿಟ್ಟು, ಮಾತ್ರೆ ತಗೊಂಡು, ತಿಂಗಳುಗಳ ಮೇಲೆ ಪ್ರೋಟೀನ್ ಇಳಿಯಿತು. ಬಂಗು ಮತ್ತೆ ಬಂದಿದೆ. ಪಾದರಸದ ಆವಿ ಮನೆಯವರಿಗೂ ತಾಗುತ್ತದೆ ಅಂತ ಅವಳ ಜೊತೆ ಮಲಗುತ್ತಿದ್ದ ಮಗನಿಗೂ ಪರೀಕ್ಷೆ ಮಾಡಿಸಿದರು. ಟವೆಲ್, ದಿಂಬಿನ ಕವರ್ ಎಲ್ಲಾ ತೆಗೆದುಹಾಕಿದರು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಕಸದ ಬುಟ್ಟಿಗೆ ಎಸೆಯಬೇಡಿ. ಜಿಪ್ ಕವರ್‌ನಲ್ಲಿ ಮುಚ್ಚಿ, ಮೂತ್ರ ಪರೀಕ್ಷೆಗೆ ಹೋಗುವಾಗ ಡಾಕ್ಟರ ಹತ್ತಿರ ತಗೊಂಡು ಹೋಗಿ.